ಸಂಬಳದ ವಾರಕ್ಕೊಂದು ಗಡುವು

ಶನಿವಾರ ಬೆಳಿಗ್ಗೆ ಸ್ಪ್ರಿಂಗ್ ವ್ಯಾಲಿಯ ಆ ಮನೆಯ ಬಾಗಿಲಲ್ಲಿ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ ಬಿದ್ದಿದ್ದರೆ, ಒಳಗೆ ಕಾತ್ಯಾಯಿನಿಯ ಕನ್ನಡ ಪಾಠ ನಡೆದಿದೆ ಎಂದೇ ಅರ್ಥ. ಗಂಡ ಅನಂತ್ ಔಷಧ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮದುವೆಯಾದ ಹೊಸತರಲ್ಲಿ ಮೈಸೂರಿನಿಂದ ಬಂದವಳು ನೈರೋಬಿಯಲ್ಲೇ ಬೇರೂರಿಬಿಟ್ಟಿದ್ದಳು. ಅವಳ ಹತ್ತಿರ ಕಲಿಯುವ ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ಮಾತ್ರ ಇಂಗ್ಲಿಷ್. ನಾಟಕ ಆಡಿಸಿದರೆ ವಿಧಿಯಿಲ್ಲದೆ ಕನ್ನಡ ಆಡುತ್ತಾರೆ ಎಂದು ಅವಳಿಗೆ ಹೊಳೆದದ್ದು ಆ ವರ್ಷ.

ನಾಟಕವೆಂದರೆ ರಂಗ ಬೇಕು. ಕರೆನ್ ಬಡಾವಣೆಯ ಶಾಲೆಯೊಂದರ ಸಭಾಂಗಣ ನವೆಂಬರ್ ಇಪ್ಪತ್ತೆರಡರ ಶನಿವಾರಕ್ಕೆ ಸಿಕ್ಕಿತು. ಬಾಡಿಗೆಯ ಅರ್ಧ ಮುಂಗಡ, ಉಳಿದರ್ಧವನ್ನು ನವೆಂಬರ್ ಏಳರೊಳಗೆ ಕಟ್ಟಬೇಕು. ಕನ್ನಡ ಕೂಟದ ಖಜಾಂಚಿ ಗೋಪಾಲ್ ನಗರದ ನಡುಭಾಗದ ಬ್ಯಾಂಕೊಂದರಲ್ಲಿ ಕೆಲಸ ಮಾಡುವವರು, ಲೆಕ್ಕದಲ್ಲಿ ಪಕ್ಕಾ. ಊಟ, ಬಾಡಿಗೆ, ಮೈಕು ಎಲ್ಲ ಸೇರಿ ತಲೆಗೆ ಸಾವಿರ ಶಿಲ್ಲಿಂಗ್ ಬೀಳುತ್ತದೆ ಎಂದು ಲೆಕ್ಕ ಹಾಕಿಕೊಟ್ಟರು.

"ಅರ್ಲಿ ಬರ್ಡ್ ಅಂತ ಎಷ್ಟೇ ಇಳಿಸಿದ್ರೂ ಸಾವಿರದ ಕೆಳಗೆ ಮಾತ್ರ ಹೋಗ್ಬೇಡಿ ಮೇಡಂ. ಬೇಗ ಬಂದೋರಿಗೆ ಲಾಭ ಆಗ್ಲಿ, ನಮಗೆ ನಷ್ಟ ಬೇಡ."

ಹಾಗಾಗಿ ಮೂರು ದರಗಳಾದವು: ಮುಂಚೆ ಕೊಂಡವರಿಗೆ ಸಾವಿರದ ಇನ್ನೂರು, ಆಮೇಲೆ ಸಾವಿರದ ಆರುನೂರು, ಕೊನೆ ಗಳಿಗೆಯಲ್ಲಿ ಎರಡು ಸಾವಿರದ ಇನ್ನೂರು. ದರ ನಿಗದಿಯಾದ ಮೇಲೆ ತಾರೀಕು ಕಾತ್ಯಾಯಿನಿಯ ಪಾಲಿಗೆ ಬಂತು. ಅಕ್ಟೋಬರ್ ಇಪ್ಪತ್ತು ಇಲ್ಲಿ ಸರ್ಕಾರಿ ರಜೆ, ಆ ವರ್ಷ ದೀಪಾವಳಿಯೂ ಅಂದೇ. ಯಾರಿಗೂ ಮರೆಯುವುದಿಲ್ಲ ಎಂದುಕೊಂಡು ಅಗ್ಗದ ದರಕ್ಕೆ ಅದನ್ನೇ ಗಡುವಾಗಿ ಇಟ್ಟಳು. ಎರಡನೆಯ ದರ ನಾಟಕದ ಹಿಂದಿನ ದಿನದವರೆಗೆ.

ಇಪ್ಪತ್ತು ಬಂತು, ಹೋಯಿತು. ಕೊಂಡದ್ದು ಹದಿನಾಲ್ಕೇ ಮನೆಯವರು. ಉಳಿದವರು ಪಟಾಕಿಗೆ, ಸೀರೆಗೆ, ಮೊಂಬಾಸಾದ ಪ್ರವಾಸಕ್ಕೆ ಖರ್ಚು ಮಾಡಿ ಸುಮ್ಮನಾಗಿದ್ದರು. ಹೀಗೇ ಆದರೆ ಸಭಾಂಗಣದ ಬಾಕಿ ಕೈಯಿಂದ ಹಾಕಬೇಕಾಗುತ್ತಿತ್ತು.

ಮುಂದಿನ ಶನಿವಾರ ಮಗನನ್ನು ಪಾಠಕ್ಕೆ ಬಿಡಲು ಬಂದ ಫ್ಲಾವಿಯಾ, ಟೀಚರ ಸಪ್ಪೆ ಮುಖ ನೋಡಿ ಬಾಗಿಲಲ್ಲೇ ನಿಂತಳು. ಮಂಗಳೂರು ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್. ವಿಷಯ ಕೇಳಿ ನಕ್ಕುಬಿಟ್ಟಳು.

"ಇಪ್ಪತ್ತನೇ ತಾರೀಕಿಗೆ ಯಾರ ಕೈಯಲ್ಲಿ ದುಡ್ಡು ಉಂಟು ಮಾರಾಯ್ರೇ? ನಮ್ಮ ಸಂಬಳ ಬರುವುದೇ ತಿಂಗಳ ಕೊನೆಗೆ. ಅದರ ಮೇಲೆ ಹಬ್ಬ ಬೇರೆ. ನಾನೇ ತೆಗೆದುಕೊಂಡಿಲ್ಲ, ನಾಚಿಕೆ ಆಗಿ ನಿಮಗೆ ಹೇಳ್ಲಿಲ್ಲ ಅಷ್ಟೇ."

ಕಾತ್ಯಾಯಿನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ನೆನಪಿಡಲು ಸುಲಭವಾದ ದಿನ ಹುಡುಕಿದ್ದಳೇ ಹೊರತು ಕೊಳ್ಳಲು ಸುಲಭವಾದ ದಿನವನ್ನಲ್ಲ.

ಗಡುವು ಮುಂದೂಡೋಣ ಎಂದಾಗ ಗೋಪಾಲ್ ತಲೆ ಅಲ್ಲಾಡಿಸಿದರು. "ಸುಮ್ಮನೆ ಮುಂದೂಡಿದ್ರೆ ಮುಂದಿನ ಸಲ ನಮ್ಮ ತಾರೀಕನ್ನ ಯಾರೂ ನಂಬಲ್ಲ. ಟೈಮಿಗೆ ಕೊಟ್ಟೋರಿಗೂ ಬೇಜಾರಾಗತ್ತೆ."

"ಹಾಗಾದ್ರೆ ಅವರನ್ನೇ ಕೇಳ್ತೀನಿ," ಎಂದಳು ಕಾತ್ಯಾಯಿನಿ.

ಹದಿನಾಲ್ಕು ಮನೆಗೂ ತಾನೇ ಫೋನ್ ಮಾಡಿದಳು. ಹೆಚ್ಚಿನವರು "ಅಯ್ಯೋ, ಅದಕ್ಕೇನಂತೆ" ಎಂದರು. ಆದರೆ ನಿವೃತ್ತ ಅಧ್ಯಾಪಕ ದತ್ತಾತ್ರೇಯರು ಅಷ್ಟು ಸಲೀಸಾಗಿ ಬಿಡಲಿಲ್ಲ.

"ಅಲ್ಲಮ್ಮ, ಗಡುವು ಪಾಲಿಸಿದೋರು ಪೆದ್ದರು ಅಂತಾಯ್ತಲ್ಲ ಹಾಗಾದ್ರೆ?"

"ಹಾಗಾಗ್ಬಾರ್ದು ಅಂತಲೇ ಕೇಳ್ತಿದೀನಿ ಸರ್. ತಾರೀಕು ಇಟ್ಟಿದ್ದು ನನ್ನ ತಪ್ಪು. ಮೊದಲು ಕೊಂಡೋರಿಗೆ ಮುಂದಿನ ಸಾಲುಗಳನ್ನ ಕಾದಿರಿಸ್ತೀವಿ. ನೀವು ಬೇಡ ಅಂದ್ರೆ ಮುಂದೂಡಲ್ಲ."

"ನನಗೆ ಕಿವಿ ಅಷ್ಟಕ್ಕಷ್ಟೇ. ಮೊದಲನೇ ಸಾಲೇ ಕೊಡು," ಎಂದು ಮುದುಕರು ನಕ್ಕರು. "ಕೇಳಿದೆಯಲ್ಲ, ಅದು ದೊಡ್ಡದು."

ಫೋನ್ ಇಟ್ಟಾಗ ಅವಳ ಕಣ್ಣು ಒದ್ದೆಯಾಗಿತ್ತು. ಊರು ಬಿಟ್ಟು ಬಂದವಳಿಗೆ ಇಷ್ಟು ಜನ ಇದ್ದಾರಲ್ಲ ಎನಿಸಿತು.

ಆಮೇಲೆ ತಾರೀಕುಗಳನ್ನು ಮೊದಲಿಂದ ಹೊಂದಿಸಿದರು. ಅಗ್ಗದ ದರ ನವೆಂಬರ್ ಮೂರರ ರಾತ್ರಿಯವರೆಗೆ. ಅಷ್ಟರಲ್ಲಿ ಸಂಬಳ ಬಂದಿರುತ್ತದೆ, ಏಳಕ್ಕೆ ಕಟ್ಟಬೇಕಾದ ಬಾಕಿಗೂ ದುಡ್ಡಿರುತ್ತದೆ. ಎರಡನೆಯ ಗಡುವಿಗೆ ಅಡುಗೆಯ ಕಮಲಾ ಅವರನ್ನು ಕೇಳಿದಳು.

"ನಾಟಕದ ವಾರ ಸೋಮವಾರ ಬೆಳಿಗ್ಗೆ ನನಗೆ ತಲೆ ಲೆಕ್ಕ ಬೇಕಮ್ಮ. ಆಮೇಲೆ ಒಂದು ಮೂವತ್ತು ಎಲೆ ಹೆಚ್ಚಾದ್ರೆ ಹೇಗೋ ಸಂಭಾಳಿಸ್ತೀನಿ. ಅದರ ಮೇಲೆ ಆಗಲ್ಲ."

ಹಾಗಾಗಿ ಎರಡನೆಯ ದರ ಹದಿನಾರರ ಭಾನುವಾರಕ್ಕೆ ಮುಗಿಯಬೇಕು. ಅಲ್ಲಿಂದ ನಾಟಕದ ದಿನದವರೆಗೆ ಕೊನೆ ದರ, ಅದೂ ಮೂವತ್ತೇ ಟಿಕೆಟ್. ಮೊಬೈಲಿನಲ್ಲಿ ಹಣ ಕಳಿಸಿದಾಗ ಬರುವ ಎಂ-ಪೆಸಾ ಸಂದೇಶದಲ್ಲಿರುವ ಸಮಯವೇ ಅಂತಿಮ. ಕೂಟದ ವಾಟ್ಸಾಪ್ ಗುಂಪಿಗೆ ಕಳಿಸಿದ ಸಂದೇಶದಲ್ಲಿ ಗಡುವು ಯಾಕೆ ಬದಲಾಯಿತೆಂದು ಮುಚ್ಚುಮರೆಯಿಲ್ಲದೆ ಬರೆದು, ಇನ್ನು ಬದಲಾಗದು ಎಂದೂ ಸೇರಿಸಿದಳು.

ಸಂಬಳದ ವಾರ ಮೊಬೈಲ್ ಸುಮ್ಮನಿರಲಿಲ್ಲ. ಫ್ಲಾವಿಯಾ ಮೊದಲ ದಿನವೇ ಕೊಂಡು, ತನ್ನ ವಾರ್ಡಿನ ಸಹೋದ್ಯೋಗಿ ಮೇರಿಗೂ ಒಂದು ಕೊಡಿಸಿದಳು. "ಭಾಷೆ ಬಾರದಿದ್ರೂ ನನ್ನ ಮಗನನ್ನು ನೋಡ್ಲಿ," ಎಂದಳು. ಏಳಕ್ಕೆ ಮುಂಚೆಯೇ ಬಾಕಿ ಚುಕ್ತಾ ಆಯಿತು.

ಪರೀಕ್ಷೆ ಬಂದದ್ದು ನವೆಂಬರ್ ನಾಲ್ಕರ ಬೆಳಿಗ್ಗೆ. ಫೋನ್ ಮಾಡಿದವರು ಕಿಶನ್, ಅನಂತನ ಕಾರ್ಖಾನೆಯ ನಿರ್ದೇಶಕರು.

"ಮೇಡಂ, ಎಂಟು ಟಿಕೆಟ್ ಬೇಕಿತ್ತು. ನಿನ್ನೆ ಮೀಟಿಂಗ್‌ನಲ್ಲಿ ಸಿಕ್ಕಿಹಾಕಿಕೊಂಡೆ. ನಿನ್ನೆ ರೇಟಲ್ಲೇ ಹಾಕ್ಬಿಡಿ, ಆಯ್ತಾ?"

ಕಾತ್ಯಾಯಿನಿ ಎದುರು ಕಾಫಿ ಕುಡಿಯುತ್ತಿದ್ದ ಗಂಡನ ಮುಖ ನೋಡಿದಳು. ಅವನಿಗೂ ಮಾತು ಕೇಳಿಸಿತ್ತು. ಲೋಟ ಕೆಳಗಿಟ್ಟು, "ನಿನಗೆ ಸರಿ ಅನ್ಸಿದ್ದು ಹೇಳೇ," ಎಂದು ಪಿಸುಗುಟ್ಟಿದ.

"ಕ್ಷಮಿಸಿ ಸರ್. ನಿನ್ನೆ ರಾತ್ರಿಗೆ ಮುಗೀತು. ನಿಮಗೊಬ್ಬರಿಗೆ ಕೊಟ್ರೆ, ನಿನ್ನೆ ಕಷ್ಟಪಟ್ಟು ಕೊಂಡೋರಿಗೆ ನಾನು ಮುಖ ತೋರಿಸೋಕಾಗಲ್ಲ."

ಕಿಶನ್ ಗಟ್ಟಿಯಾಗಿ ನಗುವುದು ಕೇಳಿಸಿತು. "ಸರಿ ಸರಿ. ನಾವೂ ನಮ್ಮ ಗ್ರಾಹಕರಿಗೆ ಹೀಗೇ ಹೇಳ್ಬೇಕು, ಧೈರ್ಯ ಬರಲ್ಲ." ಐದೇ ನಿಮಿಷದಲ್ಲಿ ಎಂಟು ಟಿಕೆಟ್‌ಗೆ ಆ ದಿನದ ದರ ಬಂದು ಬಿತ್ತು.

ನಾಟಕದ ಸಂಜೆ ಬಾಗಿಲಲ್ಲಿ ಗಲಾಟೆಯಿರಲಿಲ್ಲ. ಕೊನೆ ದರದ ಟಿಕೆಟ್‌ಗಳಲ್ಲಿ ಇಪ್ಪತ್ತಾರು ಹೋಗಿದ್ದವು, ಊಟ ಯಾರಿಗೂ ಕಡಿಮೆ ಬೀಳಲಿಲ್ಲ. ಒಳಗೆ ಫ್ಲಾವಿಯಾಳ ಮಗ ಅಭಯ್ ರಾಜನ ಪೋಷಾಕಿನಲ್ಲಿ ಮಾತು ಮರೆತು ನಿಂತುಬಿಟ್ಟ. ಮೊದಲ ಸಾಲಿನಿಂದ ದತ್ತಾತ್ರೇಯರು, "ಹೇಳಪ್ಪಾ ರಾಜ, ನಮಗೇನೂ ಅವಸರ ಇಲ್ಲ," ಎಂದರು. ಸಭೆ ನಕ್ಕಿತು. ಹುಡುಗನೂ ನಕ್ಕ. "ತಡೀರಿ ತಾತ, ನೆನಪಾಗ್ತಾ ಇದೆ!" ಎಂದ, ಯಾರೂ ಬರೆದುಕೊಡದ, ಅಚ್ಚ ಕನ್ನಡದಲ್ಲಿ.

ಪರದೆಯ ಮರೆಯಲ್ಲಿದ್ದ ಕಾತ್ಯಾಯಿನಿ ಕಂಬಕ್ಕೊರಗಿದಳು. ಸುಮ್ಮನೆ ಕೈ ಜೋಡಿಸಿದಳು, ದೇವರಿಗೋ ಆ ಸಭೆಗೋ ಅವಳಿಗೇ ತಿಳಿಯಲಿಲ್ಲ.