ಕಂಠಕ್ಕೆ ಅಂಟಿದ ಅಯಸ್ಕಾಂತ

ಕಾಯರ್ಪದವಿನಲ್ಲಿ ವಸುಮತಿಯ ಕೈಯ ಗಂಜಿ ಉಣ್ಣದೆ ದೊಡ್ಡವರಾದವರು ಕಡಿಮೆ. ಬೆಳ್ಳೂರಿನಿಂದ ಕುಂಬ್ಡಾಜೆಯ ಕಡೆಗೆ ಹೋಗುವಾಗ ಎಡಕ್ಕೊಂದು ಏರುದಾರಿ ಉಂಟಲ್ಲ, ಅದರ ತುದಿಯ ಅಂಗನವಾಡಿಯಲ್ಲಿ ಆಕೆ ಇಪ್ಪತ್ತೆರಡು ವರ್ಷದಿಂದ ಆಯಾ. ಗುಡಿಸುವುದು, ನೀರು ತುಂಬಿಸುವುದು, ಮೂಗು ಒರೆಸುವುದು, ಹನ್ನೆರಡು ಗಂಟೆಗೆ ಸರಿಯಾಗಿ ಬಿಸಿ ಗಂಜಿ ಮತ್ತು ಪಯರು, ಅಂದರೆ ಬೇಯಿಸಿದ ಹೆಸರುಕಾಳು, ಬಡಿಸುವುದು. ಈ ಕೊನೆಯದೊಂದನ್ನು ಆಕೆ ಕೆಲಸ ಎಂದು ಎಣಿಸಿದ್ದೇ ಇಲ್ಲ. ಈಗ ಇರುವ ಹದಿನಾಲ್ಕು ಮಕ್ಕಳಲ್ಲಿ ಐದಾರು ಮಕ್ಕಳಿಗೆ ಹಗಲಿನ ಬಿಸಿ ಊಟ ಅದೊಂದೇ ಎಂಬುದು ಆಕೆಗೆ ಗೊತ್ತು. ಅವರ ಮನೆಯವರು ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೊರಡುವವರು.

ಜೂನ್ ತಿಂಗಳಲ್ಲಿ ಮೇಲಿನ ಕಚೇರಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಕಪ್ಪು ಗಾಜಿನ ಇಂಡಕ್ಷನ್ ಒಲೆ. ತಂದವರು ತಮ್ಮದೇ ಚೀಲದಿಂದ ಅಂಗೈಯಗಲದ ಒಂದು ಪಾತ್ರೆ ತೆಗೆದರು, ನೀರು ಹಾಕಿದರು, ಗುಂಡಿ ಒತ್ತಿದರು. ಎರಡು ನಿಮಿಷದಲ್ಲಿ ಕೊತಕೊತ. ಮಕ್ಕಳು ಚಪ್ಪಾಳೆ ತಟ್ಟಿದವು. ಕ್ಷಮಾ ಟೀಚರ್ ಕಾಗದಕ್ಕೆ ಸಹಿ ಹಾಕಿದರು: ‘ಉಪಕರಣ ಸುಸ್ಥಿತಿಯಲ್ಲಿದೆ’. ಬಂದವರು ತಮ್ಮ ಪಾತ್ರೆ ತೊಳೆಸಿ, ಒರೆಸಿ, ಚೀಲಕ್ಕೆ ಹಾಕಿಕೊಂಡು ಹೊರಟರು. ಒಲೆ ಕೊಟ್ಟರು, ಒಲೆಗೆ ಬೇಕಾದ ಪಾತ್ರೆಯನ್ನು ಜೊತೆಯಲ್ಲೇ ಕೊಂಡುಹೋದರು. ಹೀಗೆ ಕೊಡುವುದನ್ನು ನಮ್ಮಲ್ಲಿ ಯೋಜನೆ ಎನ್ನುತ್ತಾರೆ.

ಮರುದಿನ ವಸುಮತಿ ಅಲ್ಯೂಮಿನಿಯಂ ಪಾತ್ರೆಯಲ್ಲಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಒಲೆ ಪೀಂ ಪೀಂ ಎಂದಿತು. ಒಂದು ನಿಮಿಷ ಕೂಗಿ ತಾನೇ ಆರಿತು. ಸ್ಟೀಲಿನ ದೊಡ್ಡ ಪಾತ್ರೆ ಇಟ್ಟಳು. ಅದಕ್ಕೂ ಪೀಂ ಪೀಂ. ಪಯರು ಬೇಯಿಸುವ ಅಲ್ಯೂಮಿನಿಯಂ ಕುಕ್ಕರ್, ಹಾಲಿನ ಸ್ಟೀಲ್ ತಂಬಿಗೆ, ಎಲ್ಲವನ್ನೂ ಒಂದೊಂದಾಗಿ ಇಟ್ಟು ನೋಡಿದಳು.

“ಹೊಸ ಮದುಮಗಳ ಹಾಗೆ ಎಂತಕ್ಕೂ ಒಪ್ಪುವುದಿಲ್ಲವಲ್ಲ ಟೀಚರ್ ಇದು.”

“ಗ್ಯಾಸಿನಲ್ಲಿ ಮಾಡಿ ವಸುಮತಿಯಕ್ಕ, ನಾಳೆ ಕೇಳುವ,” ಎಂದರು ಟೀಚರ್.

ಹನ್ನೊಂದನೆಯ ದಿನ ಗ್ಯಾಸ್ ಮುಗಿಯುತ್ತಾ ಬಂತು. ಹೊಸ ಸಿಲಿಂಡರಿಗೆ ಕಚೇರಿಗೆ ಫೋನು ಮಾಡಿದರೆ ಮೇಲ್ವಿಚಾರಕಿ ಹೇಳಿದರು: “ಇಂಡಕ್ಷನ್ ಸಿಕ್ಕಿದ ಕೇಂದ್ರಗಳಿಗೆ ಇನ್ನು ಗ್ಯಾಸ್ ಇಲ್ಲ. ಸುಸ್ಥಿತಿಯಲ್ಲಿದೆ ಅಂತ ನೀವೇ ಸಹಿ ಹಾಕಿದ್ದೀರಲ್ಲ?”

“ಪಾತ್ರೆ ಹಿಡಿಯುವುದಿಲ್ಲ ಮೇಡಂ.”

“ಪಾತ್ರೆ ಯೋಜನೆಯಲ್ಲಿ ಬರುವುದಿಲ್ಲ. ಊರವರ ಸಹಕಾರ ತೆಗೆದುಕೊಳ್ಳಿ.”

ಊರವರ ಸಹಕಾರ ಈ ಅಂಗನವಾಡಿಗೆ ಹೊಸತಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ, ವರ್ಷ ತುಂಬುವ ದಿನ ಅವರ ಹೆಸರು ಕೊರೆಸಿದ ಒಂದು ಪಾತ್ರೆಯನ್ನು ಅಂಗನವಾಡಿಗೆ ಕೊಡುವುದು ಅಲ್ಲಿ ರೂಢಿ. ಲೋಟದಿಂದ ಹಿಡಿದು ಸೌಟಿನವರೆಗೆ ಒಂದೊಂದರ ಮೇಲೂ ಒಬ್ಬೊಬ್ಬ ಸತ್ತವರ ಹೆಸರು. “ವಾಸಪ್ಪಣ್ಣನಲ್ಲಿ ಪಯರು ಹಾಕು, ದೇವಕಿಯಲ್ಲಿ ನೀರು ತಾ,” ಎಂದು ವಸುಮತಿ ಹೇಳುವಾಗ ಹೊಸ ಟೀಚರುಗಳು ಹೆದರಿದ್ದೂ ಉಂಟು.

ಆ ತಿಂಗಳೇ ಹರಿನಾಥ ಶಾರ್ಜಾದಿಂದ ಬಂದಿದ್ದ. ಅವನ ಅಮ್ಮ ಕಮಲಕ್ಕ ತೀರಿ ವರ್ಷ ತುಂಬುವುದಿತ್ತು. ವಸುಮತಿ ಅವನ ಅಂಗಳಕ್ಕೇ ಹೋಗಿ ನಿಂತಳು.

“ಹರಿಯಣ್ಣ, ಅಮ್ಮನ ಹೆಸರಿನಲ್ಲಿ ದೊಡ್ಡ ಪಾತ್ರೆಯೇ ಕೊಡಬೇಕು. ಇಂಡಕ್ಷನ್ನಿಗೆ ಆಗುವಂಥದ್ದು.”

“ಅಮ್ಮನಿಗೆ ಸಣ್ಣದು ಕೊಟ್ಟರೆ ಕನಸಿಗೆ ಬಂದು ಬೈದಾರು,” ಎಂದು ಹರಿನಾಥ ನಕ್ಕ. “ನಾಳೆ ಮುಳ್ಳೇರಿಯಕ್ಕೆ ಹೋಗುವ. ನೀವೇ ಆರಿಸಿ ಅಕ್ಕ, ನನಗೆಂತ ಗೊತ್ತು?”

ಹೊರಡುವ ಮೊದಲು ವಸುಮತಿ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಮುರಳೀಕೃಷ್ಣನಿಗೆ ಫೋನು ಮಾಡಿ ಕೇಳಿದಳು. ಅವನು ಎಲ್ಲೋ ಏಣಿಯ ಮೇಲಿದ್ದ. “ಅಯಸ್ಕಾಂತ ಕೊಂಡುಹೋಗಿ ಅಕ್ಕ. ಅಂಟಿದರೆ ಆಗ್ತದೆ, ಅಂಟದಿದ್ದರೆ ಇಲ್ಲ,” ಎಂದು ಫೋನು ಇಟ್ಟ. ಅಂಗನವಾಡಿಯ ಬೋರ್ಡಿನಲ್ಲಿ ಅಕ್ಷರ ಹಿಡಿದುಕೊಳ್ಳುವ ಕೆಂಪು ಅಯಸ್ಕಾಂತವೊಂದನ್ನು ಆಕೆ ಸೆರಗಿಗೆ ಕಟ್ಟಿಕೊಂಡಳು.

ಮುಳ್ಳೇರಿಯದ ಉದಯಶಂಕರನ ಪಾತ್ರೆ ಅಂಗಡಿಯಲ್ಲಿ ಒಂದರೊಳಗೆ ಒಂದು ಕೂತ ಪಾತ್ರೆಗಳು ಮಾಡಿನ ಹಂಚಿನವರೆಗೆ ಏರಿದ್ದವು. ನೋಡುವವರಿಗೆ ಕಾಣುವುದು ಕಂಠಗಳು ಮಾತ್ರ. ಪಾತ್ರೆಯ ಗುಣ ನೋಡುವುದೂ ಕಂಠದಲ್ಲೇ ಅಲ್ಲವೇ? ಹೆಬ್ಬೆರಳಿನಲ್ಲಿ ಅಂಚು ಹಿಡಿದು ದಪ್ಪ ನೋಡಬೇಕು, ಬೆರಳ ಗಂಟಿನಿಂದ ತಟ್ಟಿ ನಾದ ಕೇಳಬೇಕು. ವಸುಮತಿಗೆ ಆಕೆಯ ಅಮ್ಮ ಕಲಿಸಿದ್ದೂ ಅದೇ. ಹೊಳೆಯುವ ಒಂದು ಪಾತ್ರೆಯನ್ನು ಹಿಡಿದಳು, ತಟ್ಟಿದಳು, ಅಯಸ್ಕಾಂತವನ್ನು ಕಂಠದ ಕೆಳಗೆ ತಾಗಿಸಿದಳು. ಅದು ಮೆಲ್ಲಗೆ ಎಳೆದುಕೊಂಡು ಅಂಟಿತು.

“ಅಂಟಿತಲ್ಲ ಉದಯಣ್ಣ? ಇಂಡಕ್ಷನ್ನಿಗೆ ಆಗ್ತದಲ್ಲ?”

“ಅಯಸ್ಕಾಂತವೇ ಅಂಟಿದ ಮೇಲೆ ನನ್ನನ್ನು ಎಂತ ಕೇಳುವುದು ಮಾರಾಯ್ತಿ? ದಪ್ಪ ಸ್ಟೀಲು, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಕ್ಕು ಹಿಡಿಯಲಿಕ್ಕಿಲ್ಲ.”

ಅದರಲ್ಲಿ ಸುಳ್ಳಿರಲಿಲ್ಲ. ಅಲ್ಲೇ ಮೇಜಿನ ಮೇಲೆ ಯಂತ್ರ ಹಿಡಿದು ಹೆಸರು ಕೊರೆದ: ‘ಕಮಲ, ಕಾಯರ್ಪದವು’. ಯಂತ್ರದ ಗಿರ್ರೆನ್ನುವ ಸದ್ದು ನಿಂತಾಗ ಹರಿನಾಥ ಅಕ್ಷರಗಳ ಮೇಲೆ ಬೆರಳಾಡಿಸಿದ.

ವರ್ಷ ತುಂಬಿದ ದಿನ ಪಾಯಸವನ್ನು ಹರಿನಾಥನ ಮನೆಯಲ್ಲೇ ಮಾಡಿ, ಆ ಪಾತ್ರೆಯಲ್ಲಿ ತುಂಬಿಸಿ ಅಂಗನವಾಡಿಗೆ ತಂದರು. ಮಕ್ಕಳು ಉಂಡವು. ಮರುದಿನ ಬೆಳಿಗ್ಗೆ ಅವನು ವಿಮಾನ ಹತ್ತಿದ.

ಅದೇ ಬೆಳಿಗ್ಗೆ ವಸುಮತಿ ಪಾತ್ರೆಯಲ್ಲಿ ನೀರು ಹಾಕಿ ಒಲೆಯ ಮೇಲಿಟ್ಟು ಗುಂಡಿ ಒತ್ತಿದಳು.

ಪೀಂ ಪೀಂ.

ಒರೆಸಿ ಇಟ್ಟಳು. ತಿರುಗಿಸಿ ಇಟ್ಟಳು. ಸೆರಗಿನ ಅಯಸ್ಕಾಂತ ಬಿಚ್ಚಿ ಕಂಠಕ್ಕೆ ಹಿಡಿದಳು, ಅಂಟಿತು. ನೀರು ಚೆಲ್ಲಿ, ಬೋರಲು ಹಾಕಿ ತಳಕ್ಕೆ ಹಿಡಿದಳು. ಅಯಸ್ಕಾಂತ ಜಾರಿ ನೆಲಕ್ಕೆ ಬಿದ್ದು ಕಿಣಿ ಎಂದಿತು. ಮತ್ತೊಮ್ಮೆ ಹಿಡಿದಳು. ಮತ್ತೊಮ್ಮೆ ಕಿಣಿ.

ಮಧ್ಯಾಹ್ನ ಮುರಳೀಕೃಷ್ಣ ಬಂದು ನೋಡಿ ಹಣೆ ತಿಕ್ಕಿಕೊಂಡ.

“ತಳಕ್ಕೆ ಹಿಡಿದು ನೋಡಬೇಕಿತ್ತು ಅಕ್ಕ.”

“ತಳ ಅಂತ ನೀನು ಹೇಳಿದಿಯಾ?”

ಅವನು ಹೇಳಿರಲಿಲ್ಲ. ಕೆಳಗೆ ಕೂತು ವಿವರಿಸಿದ: “ಗ್ಯಾಸಿನ ಬೆಂಕಿಗೆ ಪಾತ್ರೆಯ ಜಾತಿ ಬೇಡ, ಯಾವುದಿಟ್ಟರೂ ಸುಡ್ತದೆ. ಇದರಲ್ಲಿ ಬೆಂಕಿಯೇ ಇಲ್ಲ. ಗಾಜಿನ ಅಡಿಯಲ್ಲಿ ತಾಮ್ರದ ಸುರುಳಿ ಉಂಟು. ಅದರ ಕಾಂತಬಲ ಒಂದು ಸೆಕೆಂಡಿನಲ್ಲಿ ಸಾವಿರಾರು ಸಲ ಆಚೆ ಈಚೆ ತಿರುಗ್ತದೆ. ಮೇಲೆ ಕಾಂತ ಹಿಡಿಯುವ ತಳ ಇದ್ದರೆ ಅದರೊಳಗೇ ಕರೆಂಟು ಹುಟ್ಟಿ, ಸುತ್ತಿ, ತಡೆ ಸಿಕ್ಕಿ ತಳವೇ ಕಾಯ್ತದೆ. ಅಲ್ಯೂಮಿನಿಯಂ ಕಾಂತ ಹಿಡಿಯುವುದಿಲ್ಲ. ಮತ್ತೆ ಅದರಲ್ಲಿ ಕರೆಂಟು ಸಲೀಸಾಗಿ ಓಡ್ತದೆ, ತಡೆ ಇಲ್ಲದ ಮೇಲೆ ಬಿಸಿ ಎಲ್ಲಿಂದ? ಮೇಲೆ ಪಾತ್ರೆಯೇ ಇಲ್ಲ ಅಂತ ಎಣಿಸಿ ಒಲೆ ಆರ್ತದೆ.”

“ಇದು ಸ್ಟೀಲಲ್ಲವಾ ಮಾರಾಯ?”

“ಸ್ಟೀಲಿನಲ್ಲೂ ಎರಡು ಬಗೆ. ಕೆಲವು ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತವೆ, ಅವು ಇದಕ್ಕೆ ಆಗ್ತವೆ. ನಿಕ್ಕೆಲ್ ಸೇರಿಸಿದ್ದು ಹೊಳಪು ಜಾಸ್ತಿ, ತುಕ್ಕು ಕಡಿಮೆ, ಆದರೆ ಅಂಟುವುದಿಲ್ಲ. ತಗಡನ್ನು ಒತ್ತಿ, ಎಳೆದು, ಮಡಚಿ ಪಾತ್ರೆ ಮಾಡುವಾಗ ಗೋಡೆಗೆ, ಕಂಠಕ್ಕೆ ಪೆಟ್ಟು ಬಿದ್ದು ಸ್ವಲ್ಪ ಕಾಂತಗುಣ ಬರ್ತದೆ. ತಳವನ್ನು ಯಾರೂ ಎಳೆಯುವುದಿಲ್ಲ. ಅದು ಇದ್ದ ಹಾಗೇ ಉಳೀತದೆ.”

ಒಳ್ಳೆಯ ಪಾತ್ರೆ ಆರಿಸಿದ್ದೇ ತಪ್ಪಾಯಿತೆಂದು ವಸುಮತಿಗೆ ಅರ್ಥವಾಯಿತು.

ಉದಯಶಂಕರನ ಅಂಗಡಿಗೆ ಪಾತ್ರೆಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋದಳು. ಅವನು ಬಯ್ಯಲಿಲ್ಲ. ಹೆಸರಿನ ಮೇಲೆ ಕೈಯಿಟ್ಟು, “ಕೊರೆದದ್ದನ್ನು ಅಳಿಸಲಿಕ್ಕೆ ಆಗ್ತದಾ ಅಕ್ಕ? ಸತ್ತವರ ಹೆಸರಿನ ಪಾತ್ರೆ ಯಾರು ಕೊಂಡುಹೋಗ್ತಾರೆ?” ಎಂದ. ಕುಡಿಯಲು ನೀರು ಕೊಟ್ಟ. ಹಾಗೆಯೇ ಹೊತ್ತುಕೊಂಡು ಬಂದಳು.

ಮಕ್ಕಳ ತಾಯಂದಿರಲ್ಲಿ ಇನ್ನೊಂದು ಪಾತ್ರೆಯ ಮಾತು ಎತ್ತಿ ನೋಡಿದಳು. ಈಶ್ವರಿ ಎಂಬವಳು ಬಾಯಿ ಬಿಟ್ಟೇ ಕೇಳಿದಳು: “ಮೊನ್ನೆ ತಾನೇ ಕಮಲಕ್ಕನ ಹೆಸರಿನದು ಬಂತಲ್ಲ ವಸುಮತಿಯಕ್ಕ, ಇನ್ನೊಂದು ಎಂತಕ್ಕೆ?” ಆ ಪಾತ್ರೆ ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಸಂಜೆಯೊಳಗೆ ಶಾರ್ಜಾ ಮುಟ್ಟುತ್ತದೆ. ಅಕ್ಷರಗಳ ಮೇಲೆ ಆಡಿದ ಆ ಬೆರಳು ನೆನಪಾಯಿತು. “ಸುಮ್ಮನೆ ಕೇಳಿದ್ದು,” ಎಂದಳು.

ಅಷ್ಟು ದಿನ ಎಳೆದು ಉಳಿಸಿದ್ದ ಗ್ಯಾಸೂ ಮುಗಿದ ದಿನ, ಕಬ್ಬಿಣದ ದೋಸೆಕಲ್ಲನ್ನು ಒಲೆಯ ಮೇಲಿಟ್ಟು ಅದರ ಮೇಲೆ ಪಾತ್ರೆ ಇಡುವ ಉಪಾಯವನ್ನೂ ಮಾಡಿದಳು. ದೋಸೆಕಲ್ಲು ಕಾದಿತು. ಪಾತ್ರೆಯ ನೀರು ಬೆಚ್ಚಗಾಗುವಷ್ಟರಲ್ಲಿ ಗಾಜು ಮಿತಿಮೀರಿ ಕಾದು ಒಲೆ ತಾನೇ ಆರಿತು. ತಣಿಯಲು ಬಿಟ್ಟು ಹಚ್ಚಿದರೆ ಮತ್ತೆ ಅದೇ ಕತೆ. ಹನ್ನೆರಡಾಯಿತು, ಹನ್ನೆರಡೂವರೆಯಾಯಿತು. ಒಂದಕ್ಕೆ ಬಡಿಸಿದ ಅಕ್ಕಿ ಹಲ್ಲಿಗೆ ಸಿಕ್ಕುತ್ತಿತ್ತು. ನಾಲ್ಕು ವರ್ಷದ ಪೂಜಾಶ್ರೀ ತಟ್ಟೆ ದೂಡಿ ಕೇಳಿದಳು, “ಅಜ್ಜಿ, ಇವತ್ತು ಗಂಜಿಗೆ ಜ್ವರ ಇಲ್ಲವಾ?” ಬಿಸಿ ಗಂಜಿಯನ್ನು ಊದಿ ಕೊಡುವಾಗ “ಗಂಜಿಗೆ ಜ್ವರ ಬಂದಿದೆ” ಎಂದು ಹೇಳಿ ನಗಿಸುತ್ತಿದ್ದವಳು ವಸುಮತಿಯೇ.

ಮರುದಿನದಿಂದ ಆಕೆ ತನ್ನ ಮನೆಯ ಕಟ್ಟಿಗೆ ಒಲೆಯಲ್ಲಿ ಬೇಯಿಸತೊಡಗಿದಳು. ಬೇಯಿಸಿದ್ದು ಕಮಲಕ್ಕನ ಪಾತ್ರೆಯಲ್ಲೇ. ಬೆಂಕಿಯ ಮೇಲೆ ಅದರಷ್ಟು ಒಳ್ಳೆಯ ಪಾತ್ರೆ ಇನ್ನೊಂದಿಲ್ಲ. ಹನ್ನೊಂದೂವರೆಗೆ ಸಿಂಬಿಯಿಟ್ಟು ತಲೆಯ ಮೇಲೆ ಹೊತ್ತು ಗುಡ್ಡ ಏರುವುದು. ಗಂಡ ಲೋಕಯ್ಯ ಕಟ್ಟಿಗೆ ಒಡೆಯುತ್ತಾ ಹೇಳಿದ, “ಕರೆಂಟಿನ ಒಲೆಗೆ ಸೌದೆ ಒಡೆಯುವವ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.” ಆಕೆಗೆ ನಗು ಬರಲಿಲ್ಲ. ಮಂಡಿ ನೋಯುತ್ತಿತ್ತು. ಹೊರಗೆ ಬೇಯಿಸಿ ತರುವುದು ನಿಯಮಕ್ಕೆ ವಿರೋಧ ಎಂದು ಕ್ಷಮಾ ಟೀಚರಿಗೂ ಗೊತ್ತಿತ್ತು. ಅವರು ಮೂರು ಸಲ ಕಚೇರಿಗೆ ಬರೆದರು. ಮೂರಕ್ಕೂ ಉತ್ತರವಿಲ್ಲ. ನಿಯಮ ಓದಿ ಹೇಳಿದರೆ ಮಕ್ಕಳ ಹೊಟ್ಟೆಗೆಂತ?

ಆಗಸ್ಟಿನ ಒಂದು ದಿನ ವಸುಮತಿ ಏದುಸಿರು ಬಿಡುತ್ತಾ ಬಂದು, ಕೆಳಗಿಡಲು ಸೊಂಟ ಬಗ್ಗದೆ, ಪಾತ್ರೆಯನ್ನು ಆ ಕಪ್ಪು ಗಾಜಿನ ಮೇಲೆಯೇ ಇಟ್ಟಳು. ಮುಚ್ಚಳ ತೆಗೆದಳು. ಹಬೆ ಎದ್ದಿತು. ಆಗಲೇ ಮೇಲ್ವಿಚಾರಕಿಯ ಜೀಪು ಬಂದು ನಿಂತಿತು.

“ಓ, ಚೆನ್ನಾಗಿ ನಡೀತಾ ಉಂಟಲ್ಲ!” ಎಂದರು ಅವರು ಒಳಗೆ ಬಂದು.

“ಇಲ್ಲ ಮೇಡಂ,” ಎಂದಳು ವಸುಮತಿ, “ಇದು ನನ್ನ ಮನೆಯಿಂದ ಬೇಯಿಸಿ ಹೊತ್ತು ತಂದದ್ದು. ಒಲೆ ಉರಿಯುವುದಿಲ್ಲ. ತಳ ಅಂಟುವುದಿಲ್ಲ.”

ಮೇಲ್ವಿಚಾರಕಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಸಂಜೆಯೊಳಗೆ ಎಲ್ಲ ಕೇಂದ್ರಗಳ ಫೋಟೋ ಮೇಲೆ ಹೋಗಬೇಕಿತ್ತು. ಅವರು ಕೈ ಚಾಚಿ ಗುಂಡಿ ಒತ್ತಿದರು. ಕೆಂಪು ದೀಪ ಹತ್ತಿತು, ಪೀಂ ಪೀಂ ಶುರುವಾಯಿತು. ಒಲೆ ಆರುವ ಮೊದಲು ಒಂದು ನಿಮಿಷ ಉಂಟಲ್ಲ, ಫೋಟೋ ತೆಗೆಯಲು ಅಷ್ಟು ಸಾಕು. ಹಬೆ, ದೀಪ, ಹೊಳೆಯುವ ಪಾತ್ರೆ, ಪಕ್ಕದಲ್ಲಿ ಬೆವರಿದ ಆಯಾ. ಫೋಟೋಕ್ಕೆ ಸದ್ದು ಇರುವುದಿಲ್ಲ.

“ಪಾತ್ರೆಯ ಅಡಿ ಕಪ್ಪಾಗಿದೆ. ತಿಕ್ಕಿ ಇಡಿ, ಇಂಡಕ್ಷನ್ ಪಾತ್ರೆಗೆ ಮಸಿ ಹಿಡಿದರೆ ಯಾರಾದರೂ ಕೇಳಿಯಾರು,” ಎಂದು ಜೀಪು ಹತ್ತಿದರು.

ಫೋಟೋ ಹಲವು ಫೋನು ತಿರುಗಿ ಶಾರ್ಜಾ ಮುಟ್ಟಿತು. ರಾತ್ರಿಯಾಗುವ ಮೊದಲೇ ವಸುಮತಿಯ ಫೋನಿಗೆ ಹರಿನಾಥನ ಧ್ವನಿ ಸಂದೇಶ ಬಂತು: “ಅಕ್ಕ, ಅಮ್ಮನ ಪಾತ್ರೆಯಲ್ಲಿ ಹಬೆ ಏಳುವುದು ಕಂಡೆ. ನೀವು ಆರಿಸಿದ್ದು ಸರಿಯಾಯಿತು.”

ವಸುಮತಿ ಅದನ್ನು ಎರಡು ಸಲ ಕೇಳಿದಳು. ಉತ್ತರಕ್ಕೆ ಗುಂಡಿ ಒತ್ತಿ ಹಿಡಿದಳು, ಬಾಯಿ ತೆರೆದಳು, ಬೆರಳು ಬಿಟ್ಟಳು. ಹೋದದ್ದು ಎರಡು ಸೆಕೆಂಡಿನ ಉಸಿರು ಮಾತ್ರ.

ಆಮೇಲೆ ಅಂಗಳದ ಕಲ್ಲಿನ ಮೇಲೆ ಪಾತ್ರೆ ಬೋರಲು ಹಾಕಿ, ಬೂದಿ ಮತ್ತು ತೆಂಗಿನ ನಾರು ಹಿಡಿದು, ಮಸಿ ಹೋಗುವವರೆಗೆ ತಳ ತಿಕ್ಕತೊಡಗಿದಳು.