ಮೂಲಬಿಂದುವಿನ ಮೇಲೆ ಪೆನ್ಸಿಲ್

ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ‘ಪೇಪರ್ ಟೀಚರ್’ ಎಂದು. ಲೆಕ್ಕದ ಟೀಚರ್‌ ಆದರೂ ಬ್ಯಾಗಿನಲ್ಲಿ ಸದಾ ಟ್ರೇಸಿಂಗ್ ಪೇಪರಿನ ಸುರುಳಿ ಇರುತ್ತಿತ್ತು. ಸೂತ್ರ ಹೇಳಿಕೊಡುವುದೆಂದರೆ ಅವರಿಗೆ ಆಗಿಬರುತ್ತಿರಲಿಲ್ಲ. “ಮೊದ್ಲು ಕೈಗೆ ಗೊತ್ತಾಗ್ಲಿ, ತಲೆ ಆಮೇಲೆ ಬರುತ್ತೆ” ಎನ್ನುತ್ತಿದ್ದರು.

ಆ ವರ್ಷ ಅವರ ಬಲಗೈ ನಡುಗಲು ಶುರುವಾಗಿತ್ತು. ಡಾಕ್ಟರು ಮಾತ್ರೆ ಬರೆದುಕೊಟ್ಟು, “ಇದು ಹೆಚ್ಚಾಗ್ತಾ ಹೋಗುತ್ತಮ್ಮ” ಎಂದಿದ್ದರು. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಬೇರೆ ಯಾರಿಗೂ ಅವರು ಹೇಳಿರಲಿಲ್ಲ.

ಪಾಠದ ದಿನ ಮೇಜಿನ ಮೇಲೆ ದೊಡ್ಡ ಗ್ರಾಫ್ ಹಾಳೆ ಹಾಸಿದರು. ಮಕ್ಕಳು ಸುತ್ತ ಮುತ್ತಿಕೊಂಡರು. ಹಾಳೆಯಲ್ಲಿ ಬರೆದಿದ್ದ ತ್ರಿಭುಜದ ಒಂದು ಮೂಲೆ (3, 2)ರಲ್ಲಿತ್ತು. ಅದರ ಮೇಲೆ ಟ್ರೇಸಿಂಗ್ ಪೇಪರಿಟ್ಟು ತ್ರಿಭುಜವನ್ನೂ ಎರಡು ಅಕ್ಷಗಳನ್ನೂ ತಿದ್ದಿಕೊಂಡರು. ಪೇಪರನ್ನು ತಿರುಗಿಸದೆ, ನಾಲ್ಕು ಮನೆ ಬಲಕ್ಕೆ, ಒಂದು ಮನೆ ಕೆಳಕ್ಕೆ ಜಾರಿಸಿದಾಗ ಮೂಲೆ (7, 1)ಕ್ಕೆ ಹೋಯಿತು. ಮತ್ತೆ ಮೊದಲಿನ ಜಾಗಕ್ಕೆ ತಂದು, ವೈ-ಅಕ್ಷದ ಗುಂಟ ದೋಸೆ ಮಗುಚಿದಂತೆ ಮಗುಚಿದಾಗ ಮೂಲೆ (-3, 2)ರಲ್ಲಿ ಬಿತ್ತು. ಮಕ್ಕಳಿಗೆ ಖುಷಿಯೋ ಖುಷಿ.

ತಿರುಗಿಸುವ ಸರದಿ ಬಂತು. ಪೇಪರನ್ನು ಮತ್ತೆ ಸರಿಯಾಗಿ ಕೂರಿಸಿ, ಎರಡು ಅಕ್ಷಗಳು ಕೂಡುವ ಮೂಲಬಿಂದುವಿನ ಮೇಲೆ ಪೆನ್ಸಿಲಿನ ಮೊನೆ ಊರಬೇಕು. ಊರುವಾಗ ಕೈ ನಡುಗಿ ಮೊನೆ ಬಲಕ್ಕೆ ಒಂದು ಮನೆ ಸರಿಯಿತು. ಅದು ಅವರ ಗಮನಕ್ಕೆ ಬರಲಿಲ್ಲ. ಎಡಗೈಯಿಂದ ಪೇಪರನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಕಾಲು ಸುತ್ತು ತಿರುಗಿಸಿದರು.

“ಎಲ್ಲಿಗೆ ಬಂತು ನೋಡಿ?”

“(-1, 2), ಟೀಚರ್.”

ಸರಿಯುತ್ತರ (-2, 3). ಅವರು ಹಾಳೆಯನ್ನೇ ದಿಟ್ಟಿಸಿದರು. ಎರಡು ಜಡೆಯ ಹುಡುಗಿಯೊಬ್ಬಳು ಮೆಲ್ಲಗೆ, “ಟೀಚರ್, ಪೆನ್ಸಿಲ್ ಪಕ್ಕಕ್ಕೆ ಹೋಗಿದೆ. ನಾನು ಹಿಡ್ಕೊಳ್ಳಾ?” ಎಂದಳು.

ಟೀಚರ್ ಪೆನ್ಸಿಲನ್ನು ಅವಳಿಗೆ ಕೊಟ್ಟು, ಪೇಪರನ್ನು ಮೊದಲಿನಂತೆ ಕೂರಿಸಿದರು. ಅವಳು ಗಟ್ಟಿಯಾಗಿ ಊರಿದಳು, ಟೀಚರ್ ತಿರುಗಿಸಿದರು. ಈ ಸಲ ಮೂಲೆ (-2, 3)ಕ್ಕೆ ಬಂತು. “ನೋಡಿದ್ರಾ? ನಡುಬಿಂದು ಅಲುಗಿದ್ರೆ ಎಲ್ಲಾ ಅಲುಗಿಹೋಗುತ್ತೆ” ಎಂದು ಪಾಠ ಮುಗಿಸಿದರು.

ಅಂದೇ ಹೆಡ್‌ಮಿಸ್ ಕೋಣೆಗೆ ಹೋಗಿ ಕೈಯ ವಿಷಯ ತಿಳಿಸಿ, ಇನ್ನು ಪಾಠ ಮಾಡಲಾರೆ ಎಂದರು.

“ಬೋರ್ಡ್ ಮೇಲೆ ಬರೀಬಹುದಲ್ಲಮ್ಮ?”

“ನಾಳೆ ಅದೂ ಆಗಲ್ಲ ಮೇಡಂ. ಮಕ್ಕಳ ಮುಂದೆ ತಪ್ಪು ತೋರ್ಸೋಕೆ ನನ್ನ ಕೈಲಾಗಲ್ಲ.”

ಅವರನ್ನು ಲೈಬ್ರರಿಗೆ ಹಾಕಿದರು. ಅವರ ಜಾಗಕ್ಕೆ ಬಂದ ಹೊಸ ಮೇಷ್ಟ್ರು ಒಳ್ಳೆಯವರೇ, ಆದರೆ ಅವಸರದ ಮನುಷ್ಯ. ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ಮಕ್ಕಳ ಕೋರಸ್ ಕೇಳಿಸಿತು: “ಕಾಲು ಸುತ್ತು ತಿರುಗಿಸಿದ್ರೆ ಎಕ್ಸ್, ವೈ ಇದ್ದದ್ದು ಮೈನಸ್ ವೈ, ಎಕ್ಸ್ ಆಗುತ್ತೆ!” ಉತ್ತರ ಸರಿಯಾಗಿತ್ತು. ಯಾಕೆ ಹಾಗಾಗುತ್ತದೆಂದು ಯಾರೂ ಕೇಳಲಿಲ್ಲ.

ಟೀಚರ್ ಎದ್ದು ಲೈಬ್ರರಿಯ ಬಾಗಿಲವರೆಗೆ ಹೋದರು. ಅಲ್ಲೇ ನಿಂತು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಬಾಗಿಲು ಎಳೆದುಕೊಂಡು, ನಡುಗುವ ಕೈಯನ್ನು ಸೆರಗಿನೊಳಗೆ ಅಡಗಿಸಿ ಬಂದು ಕುಳಿತರು.