ಮಾಳಿಗೆಯ ಕೀಲಿಕೈಗೆ ಬಂದ ಅರ್ಜಿ

ಶಿಗ್ಗಾಂವದಲ್ಲಿ ನಾನು ಮನೆ ಕಟ್ಟಿಸಿದ್ದು ಹೆಡ್‌ಮಾಸ್ತರನಾಗಿದ್ದ ಕೊನೆಯ ವರ್ಷಗಳಲ್ಲಿ. ಕೆಳಗೆ ನಾವು ಗಂಡ ಹೆಂಡತಿ, ಮೊದಲ ಮಹಡಿ ಬಾಡಿಗೆಗೆ, ಅದರ ಮೇಲೆ ಬಯಲು ಮಾಳಿಗೆ. ಮಾಳಿಗೆಯ ಬಾಗಿಲಿಗೆ ಬೀಗ, ಕೀಲಿಕೈ ನನ್ನ ಅಂಗಿಯ ಜೇಬಿನಲ್ಲಿ. ಅಲ್ಲಿ ಕಾಯುವಂಥದ್ದು ಏನಿತ್ತೆಂದರೆ, ಮೆಟ್ಟಿಲುಕೋಣೆಯ ತಲೆಯ ಮೇಲೆ ನೀರಿನ ಟ್ಯಾಂಕು, ಎರಡನೇ ಮಹಡಿಗೆಂದು ಏರಿಸಿಟ್ಟ ಒಂದು ರಾಶಿ ಇಟ್ಟಿಗೆ, ಕಂಬಗಳಿಂದ ಮೇಲಕ್ಕೆ ಚಾಚಿಕೊಂಡ ಕಬ್ಬಿಣದ ಸರಳುಗಳು. ಆ ಎರಡನೇ ಮಹಡಿಯನ್ನು ನಾನು ಮುಂದಿನ ವರ್ಷ ಕಟ್ಟುವವನಿದ್ದೆ. ಹತ್ತು ವರ್ಷಗಳಿಂದಲೂ ಮುಂದಿನ ವರ್ಷವೇ ಕಟ್ಟುವವನಿದ್ದೆ.

ಮಹಡಿಯಲ್ಲಿ ಬಾಡಿಗೆಗಿದ್ದವರು ಸರಕಾರಿ ಆಸ್ಪತ್ರೆಯ ನರ್ಸ್. ಸವಣೂರಿನವರು, ತಾಯಿಯನ್ನು ಜೊತೆಗಿಟ್ಟುಕೊಂಡಿದ್ದರು. ಒಂದು ಭಾನುವಾರ ಮುಂಜಾನೆ ಕೆಳಗಿಳಿದು ಬಂದು, ಕುಳಿತುಕೊಳ್ಳದೇ ಮಾತಾಡಿದರು.

"ಸರ್, ಮಾಳಿಗಿ ಕೀಲಿ ನಮಗೂ ಒಂದು ಕೊಡ್ರಿ. ಗ್ಯಾಲರಿಯೊಳಗ ಅರಿವಿ ಒಣಗವಲ್ವು. ಯುನಿಫಾರ್ಮ್ ಮುಗ್ಗಲ ವಾಸನಿ ಹೊಡಿತಾವ. ಇನ್ನೊಂದು ಮಾತು, ಮ್ಯಾಲೆ ಸೋಲಾರ್ ಹೀಟರ್ ಕೂಡಿಸೋಣ್ರಿ. ಖರ್ಚು ಅರ್ಧ ನಂದು, ಅರ್ಧ ನಿಮ್ದು. ನೀರು ಇಬ್ಬರಿಗೂ."

ಮೊಣಕಾಲು ನೋವಿನ ತಾಯಿ ದಿನಾ ಬಕೆಟ್ಟಿನಲ್ಲಿ ಕರೆಂಟಿನ ಕಾಯಿಲು ಹಾಕಿ ನೀರು ಕಾಯಿಸುತ್ತಾರೆ, ಕೈ ಅದ್ದಿ ನೋಡಿ ಶಾಕ್ ಹೊಡೆಸಿಕೊಂಡರೆ ಗತಿಯೇನು ಎಂದೂ ಹೇಳಿದರು. ನ್ಯಾಯವಾದ ಮಾತು. ನ್ಯಾಯವಾದ ಮಾತಿಗೆ ಕೂಡಲೇ ಒಪ್ಪಿಬಿಟ್ಟರೆ ಮನೆ ಮಾಲಕನಿಗೆ ಯಾವ ಗೌರವ ಉಳಿಯುತ್ತದೆ? ನಾನು ಗಂಟಲು ಸರಿಮಾಡಿಕೊಂಡೆ.

"ಒಂದು ಅರ್ಜಿ ಬರದು ಕೊಡ್ರಿ. ವಿಚಾರ ಮಾಡ್ತೇನಿ."

ಮೂವತ್ತು ವರ್ಷ ಅರ್ಜಿ ತೆಗೆದುಕೊಂಡವನ ಬಾಯಿಂದ ಅದು ತಾನಾಗಿಯೇ ಬಂತು. ಅವರು ನಗಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬಂದು, "ಮಾನ್ಯರೇ" ಎಂದು ಶುರುವಾಗುವ ಹಾಳೆಯೊಂದನ್ನು ಕೈಗಿಟ್ಟರು. ನಾನು ಅದರಲ್ಲಿ ಎರಡು ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆದು, ವಿಷಯ ಅಸ್ಪಷ್ಟ ಎಂದು ಹಿಂದಿರುಗಿಸಿದೆ. ಮರುದಿನ ತಿದ್ದಿದ ಪ್ರತಿ ಬಂತು.

ನನ್ನ ಹೆಂಡತಿ ಎರಡೂ ಪ್ರತಿ ಓದಿದಳು. "ಆಕಿ ಅರಿವಿ ಒಣಗಸಾಕ ಕೇಳ್ಯಾಳ್ರಿ, ಬಿ.ಎಡ್. ಸೀಟು ಕೇಳಿಲ್ಲ," ಎಂದಳು.

ಆದರೂ ನಾನು ನಿಯಮಾವಳಿ ತಯಾರಿಸಿದೆ. ಅರಿವೆ ಹಾಕುವುದು ವಾರಕ್ಕೆ ಮೂರು ದಿನ. ಚೆನ್ನಾಗಿ ಹಿಂಡಿಯೇ ಹಾಕಬೇಕು, ನೀರು ತೊಟ್ಟಿಕ್ಕಿದರೆ ಸ್ಲ್ಯಾಬ್ ಸೋರುತ್ತದೆ. ರಸ್ತೆಯ ಕಡೆಗೆ ಒಳಉಡುಪು ಕಾಣಬಾರದು. ಸ್ಲ್ಯಾಬಿಗೆ ತೂತು ಕೊರೆಯಕೂಡದು. ಸೋಲಾರಿನ ದೇಖರೇಖಿ ಸರದಿಯಂತೆ, ಮೂರು ತಿಂಗಳು ಅವರದು, ಮೂರು ತಿಂಗಳು ನಮ್ಮದು. ಮನೆ ಬಿಟ್ಟು ಹೋಗುವಾಗ ಸವಕಳಿ ಕಳೆದು ಅವರ ಪಾಲು ನಾನು ಕೊಡಬೇಕು. ಈ ಕೊನೆಯದನ್ನು ಸೇರಿಸಿದ್ದು ನನ್ನ ಹೆಂಡತಿ. ಹಾಳೆಯ ತುದಿಯಲ್ಲಿ ಉಳಿದಿದ್ದ ಜಾಗದಲ್ಲಿ ತನ್ನ ದಪ್ಪ ಅಕ್ಷರದಲ್ಲಿ ಬರೆದಳು. ಅದಕ್ಕೆ ಕೆಂಪು ಗೆರೆ ಎಳೆಯುವ ಧೈರ್ಯ ನನಗಿರಲಿಲ್ಲ.

ನರ್ಸ್ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿದರು. "ವಾರಕ್ಕ ಮೂರ ದಿನ ಅಂದ್ರ, ಉಳಿದ ನಾಲ್ಕು ದಿನ ಬಿಸಿಲು ಯಾರಿಗ್ರಿ, ಸರ್?"

ಉಳಿದ ನಾಲ್ಕು ದಿನ ಇಟ್ಟಿಗೆಗಳಿಗೆ ಎಂದು ಹೇಳುವಂತಿರಲಿಲ್ಲ. ಆ ನಿಯಮ ಬಿಟ್ಟೆ. ಅವರು ಸಹಿ ಹಾಕಿದರು, ಇನ್ನೊಂದು ಕೀಲಿಕೈ ಕೊಟ್ಟೆ.

ಸೋಲಾರ್ ಅಂಗಡಿಯ ಮಿಸ್ತ್ರಿ ಹಾನಗಲ್ಲಿನವನು. ಹೆದ್ದಾರಿಯ ಬದಿಯ ಅಂಗಡಿಯಿಂದ ಬೈಕಿನಲ್ಲಿ ಬಂದು, ಮಾಳಿಗೆಯ ಮೇಲೆ ನಿಂತು ಸೂರ್ಯನನ್ನೂ ಟ್ಯಾಂಕನ್ನೂ ನೋಡಿದ. ತಣ್ಣೀರಿನ ಟ್ಯಾಂಕು ಸೋಲಾರಿಗಿಂತ ಎತ್ತರದಲ್ಲಿರಬೇಕು, ಅದು ಇದೆ ಎಂದ. ನಮ್ಮದು ಬೋರಿನ ಗಡಸು ನೀರಾದ್ದರಿಂದ ಗಾಜಿನ ಕೊಳವೆಯದೇ ವಾಸಿ ಎಂದ. ಕಾಲುಗಳನ್ನು ಸಿಮೆಂಟಿನ ದಿಮ್ಮಿಯ ಮೇಲೆ ನಿಲ್ಲಿಸುವುದರಿಂದ ಸ್ಲ್ಯಾಬಿಗೆ ತೂತು ಬೀಳುವುದಿಲ್ಲ ಎಂದಾಗ ನನ್ನ ಇನ್ನೊಂದು ನಿಯಮ ಕೆಲಸವಿಲ್ಲದೇ ನಿಂತಿತು.

"ದಕ್ಷಿಣಕ್ಕ ಮುಖ ಮಾಡಿ ಇಲ್ಲೇ ಕೂಡ್ರಬೇಕು ನೋಡ್ರಿ," ಎಂದು ಅವನು ಇಟ್ಟಿಗೆಯ ರಾಶಿಯ ಮೇಲೆ ಕಾಲಿಟ್ಟ. "ಇವನ್ನ ಎತ್ತಸ್ರಿ. ಮತ್ತ ಮ್ಯಾಲೆ ಮನಿ ಕಟ್ಟೋರದೀರೇನು? ಕಟ್ಟೋದಿದ್ರ ಈಗ ಹಾಕೂದು ಬ್ಯಾಡ್ರಿ. ನಾಳೆ ಮತ್ತ ಬಿಚ್ಚಿ ಏರಿಸಬೇಕಾಕ್ಕೇತಿ."

ನಾನು ಒಂದು ಇಟ್ಟಿಗೆ ಎತ್ತಿ ಧೂಳು ಒರೆಸಿದೆ. ನರ್ಸ್ ಬೇರೆ ಕಡೆ ನೋಡಿದರು. ಆ ಎರಡನೇ ಮಹಡಿಯಲ್ಲಿ ನನ್ನದೊಂದು ಓದುವ ಕೋಣೆ ಇತ್ತು. ಅದರ ಕಿಟಕಿ ಯಾವ ದಿಕ್ಕಿಗೆ, ಮೇಜು ಎಲ್ಲಿ, ಪುಸ್ತಕದ ಕಪಾಟಿಗೆ ಎಷ್ಟು ಹಲಗೆ, ಎಲ್ಲವೂ ನನಗೆ ಗೊತ್ತಿತ್ತು. ದಿನಾ ಸಂಜೆ ಬೀಗ ತೆಗೆದು ನಾನು ಹೋಗಿ ಕೂರುತ್ತಿದ್ದುದು ಇಟ್ಟಿಗೆಯ ಮೇಲಲ್ಲ, ಆ ಕೋಣೆಯೊಳಗೆ.

"ಇಲ್ಲಪಾ, ಕಟ್ಟಂಗಿಲ್ಲ. ನೀ ಹಾಕು," ಎಂದಳು ನನ್ನ ಹೆಂಡತಿ. ಮೆಟ್ಟಿಲು ಹತ್ತಿ ಬಂದ ದಣಿವಿಗೆ ಬಾಗಿಲಿಗೆ ಒರಗಿ ನಿಂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಮೂರು ಮಂದಿ ಮನ್ಯಾಗ ಇಬ್ಬರಿಗೆ ಮೊಣಕಾಲು ನೋವು. ಇನ್ನೊಂದು ಮಹಡಿ ಯಾರು ಹತ್ತೋರು?" ಎಂದಳು.

ಮೂರು ಮಂದಿ ಯಾರು ಎಂದು ಕೇಳಲಿಲ್ಲ. ಅವಳು, ನರ್ಸ್, ನರ್ಸಿನ ತಾಯಿ. ನನ್ನನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇಟ್ಟಿಗೆಗಳು ಹಿರೇಬೆಂಡಿಗೇರಿಗೆ, ನನ್ನ ಹೆಂಡತಿಯ ತಮ್ಮನ ದನದ ಕೊಟ್ಟಿಗೆಗೆ ಹೋದವು. ಸರಳುಗಳ ತುಕ್ಕು ಯುನಿಫಾರ್ಮಿಗೆ ಹತ್ತದಂತೆ ನರ್ಸ್ ಅವುಗಳಿಗೆ ಖಾಲಿ ಸಲಾಯಿನ್ ಬಾಟಲಿ ತೊಡಿಸಿ ಹಗ್ಗ ಕಟ್ಟಿದರು.

ಸೋಲಾರ್ ಬಂದ ಮೇಲೆ ನೀರಿನ ಪೈಪಿನ ವಿಷಯದಲ್ಲಿ ನಾನು ಮತ್ತೊಮ್ಮೆ ಮಾಲಕನಾದೆ. ಬಿಸಿನೀರು ಮೊದಲು ನಮ್ಮ ಬಚ್ಚಲಿಗೆ ಬರಬೇಕು, ಆಮೇಲೆ ಮಹಡಿಗೆ ಎಂದೆ. ಮಿಸ್ತ್ರಿ ನನ್ನನ್ನು ಕರುಣೆಯಿಂದ ನೋಡಿದ.

"ನೀರು ಮ್ಯಾಲಿಂದ ಕೆಳಗ ಇಳಿತೇತ್ರಿ, ಸರ್. ಅವರ ಮನಿ ದಾಟೇ ನಿಮ್ಮಲ್ಲಿ ಬರಬೇಕು. ನಿಮ್ಮ ಪೈಪು ಉದ್ದ, ಬಿಸಿ ಬರೋತನಕ ಒಂದು ಬಕೆಟ್ ತಣ್ಣೀರು ಹಿಡ್ಕೋಬೇಕು ನೀವು."

ನಲವತ್ತೈದು ನಿಮಿಷದ ಪಾಠಗಳಲ್ಲಿ ಎಷ್ಟೋ ಸಲ ಇದನ್ನೇ ನಾನು ಮಕ್ಕಳಿಗೆ ಹೇಳಿದ್ದೆ. ಆದರೆ ಒಂದು ಸಮಾಧಾನ ಸಿಕ್ಕಿತು. ಕೆಳಗೆ ನಾನು ನಲ್ಲಿ ಪೂರ್ತಿ ತಿರುಗಿಸಿದರೆ ಮಹಡಿಯಲ್ಲಿ ನೀರು ದಾರದಷ್ಟಾಗುತ್ತಿತ್ತು. ಒಂದು ವಾರ ಆರೂವರೆಗೆ ಸರಿಯಾಗಿ ಸ್ನಾನಕ್ಕೆ ಹೋದೆ. ಎಂಟನೆಯ ದಿನ ಹೆಂಡತಿ ಬಚ್ಚಲ ಬಾಗಿಲಿಗೆ ನಿಂತು, "ಆಕಿ ಡ್ಯೂಟಿಗೆ ಹೋಗಾಕಿ. ನೀವು ರಿಟೈರ್ ಆಗೀರಿ. ಒಂಬತ್ತಕ್ಕ ಜಳಕ ಮಾಡ್ರಿ," ಎಂದಳು. ಅಂದಿನಿಂದ ನನ್ನ ಜಳಕ ಒಂಬತ್ತಕ್ಕೆ.

ಮೊದಲ ಮೂರು ತಿಂಗಳ ದೇಖರೇಖಿ ಅವರದು. ವಾರಕ್ಕೊಮ್ಮೆ ಬಿಸಿಲೇರುವ ಮುಂಚೆ ಹಸಿ ಬಟ್ಟೆಯಿಂದ ಕೊಳವೆಗಳ ಧೂಳು ಒರೆಸುತ್ತಿದ್ದರು. ನನ್ನ ಸರದಿ ಬಂದಾಗ ನಾನು ಕೆಳಗೆ ಕುಳಿತು ಮೇಲ್ವಿಚಾರಣೆ ಮಾಡಿದೆ. ಧೂಳು ಕೂತಿತು, ನೀರು ಉಗುರುಬೆಚ್ಚಗಾಯಿತು. ಒಂದು ದಿನ ಬಾಗಿಲ ಸಂದಿಯಲ್ಲಿ ಹಾಳೆ ಸಿಕ್ಕಿತು. "ಮಾನ್ಯರೇ, ನಿಯಮ ಐದರಂತೆ ತಮ್ಮ ಸರದಿಯ ಕೆಲಸ ಬಾಕಿ ಇರುತ್ತದೆ." ಒಂದೂ ಕಾಗುಣಿತದ ತಪ್ಪಿರಲಿಲ್ಲ. ಹುಡುಕಿ ನೋಡಿದ್ದೆ.

ಮರುದಿನ ಬೆಳಿಗ್ಗೆ ಮೇಲೆ ಹತ್ತಿದೆ. ನರ್ಸ್ ಬಟ್ಟೆ ಹಾಕುತ್ತಿದ್ದರು. ಕೊಳವೆ ಒರೆಸಿ, ಅವರು ಹೇಳಿದಂತೆ ಸೋಲಾರ್ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದೆ. ಸುಣ್ಣದ ಚೂರುಗಳು ಬೆಳ್ಳಗೆ, ಅವಲಕ್ಕಿಯ ಹಾಗೆ ಹರಿದು ಬಂದವು.

"ನೋಡ್ರಿ, ಇಷ್ಟು ಕೂತಿತ್ತು ಒಳಗ," ಎಂದರು.

"ಹೌದ್ರಿ, ಸಿಸ್ಟರ್. ತಪ್ಪು ನಂದ," ಎಂದೆ. ಆ ಮಾತನ್ನು ನಾನು ಯಾವ ಬಾಡಿಗೆದಾರರಿಗೂ ಹೇಳಿರಲಿಲ್ಲ. ಅವರು ದೊಡ್ಡದೇನೂ ಆಗಿಲ್ಲ ಎಂಬಂತೆ ಒದ್ದೆ ಚಾದರಿನ ಒಂದು ತುದಿ ನನ್ನ ಕೈಗೆ ಕೊಟ್ಟರು. ಇಬ್ಬರೂ ಎರಡು ಕಡೆ ಹಿಡಿದು ಹಿಂಡಿದೆವು. ನೀರು ಸ್ಲ್ಯಾಬಿನ ಮೇಲೆ ಧಾರಾಳವಾಗಿ ಬಿತ್ತು.